503ಕ್ಕೆ ಗಡುವು ಬೇಕು

ಡಿಪ್ಲಾಯ್‌ಮೆಂಟ್ ನಡೆಯುವಾಗ, ಎಂದರೆ ತಂತ್ರಾಂಶದ ಹಳೆಯ ಆವೃತ್ತಿಯನ್ನು ಇಳಿಸಿ ಹೊಸದನ್ನು ಸರ್ವರ್‌ಗೆ ಏರಿಸುವಾಗ, ವೆಬ್‌ಸೈಟು ಕೊಡುವ 503 ಎಂಬ ಉತ್ತರಕ್ಕೆ ಒಂದೇ ಅರ್ಥವಿಲ್ಲವೆಂಬುದನ್ನು ಎಚ್‌ಟಿಟಿಪಿಯ ಪ್ರಮಾಣ ದಾಖಲೆಯೇ ಒಪ್ಪಿಕೊಂಡಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 9110 ಹೇಳುವುದಿಷ್ಟು: ಸರ್ವರ್ ಸದ್ಯಕ್ಕೆ ಕೋರಿಕೆಯನ್ನು ಪೂರೈಸುವ ಸ್ಥಿತಿಯಲ್ಲಿಲ್ಲ, ಅದಕ್ಕೆ ಕಾರಣ ತಾತ್ಕಾಲಿಕವಾಗಿ ಮೇಲೆ ಬಿದ್ದ ಹೊರೆಯಾಗಿರಬಹುದು, ಇಲ್ಲವೇ ಮೊದಲೇ ಗೊತ್ತುಪಡಿಸಿದ ನಿರ್ವಹಣೆಯಾಗಿರಬಹುದು, ಸ್ವಲ್ಪ ಸಮಯ ಕಳೆದರೆ ಸರಿಹೋಗುವ ಸಾಧ್ಯತೆಯಿದೆ. ಎಷ್ಟು ಸಮಯ ಎಂಬುದನ್ನು `Retry-After` ಎಂಬ ಹೆಡರ್‌ನಲ್ಲಿ, ಅಂದರೆ ಉತ್ತರದ ತಲೆಬರಹದ ಒಂದು ಸಾಲಿನಲ್ಲಿ, ಸರ್ವರ್ ತಿಳಿಸಬಹುದು, ತಿಳಿಸಲೇಬೇಕೆಂದಿಲ್ಲ. ಈ ಐಚ್ಛಿಕತೆಯ ಬೇರು ಹಳೆಯದು. 1996ರ ಮೇ ತಿಂಗಳಿನ ಆರ್‌ಎಫ್‌ಸಿ 1945ರಲ್ಲಿ 503 ದಾಖಲೆಯ ಮುಖ್ಯ ಭಾಗದಲ್ಲೇ ಇದ್ದರೆ, `Retry-After` ಇರುವುದು ಅನುಬಂಧದಲ್ಲಿ, ಕೆಲವರು ಬಳಸುತ್ತಾರಾದರೂ ಎಲ್ಲೆಡೆ ಸರಿಯಾಗಿ ಜಾರಿಗೆ ಬಂದಿಲ್ಲದ ಅಂಶಗಳ ಸಾಲಿನಲ್ಲಿ. ಜೊತೆಯಾಗಿ ಇರಬೇಕಾದ ಎರಡು ಮಾತುಗಳು ಅಂದು ಬೇರೆ ಬೇರೆ ಪುಟಗಳಲ್ಲಿ ಕುಳಿತವು, ಮತ್ತು ಇಂದಿಗೂ ಅನೇಕ ಸರ್ವರ್‌ಗಳಲ್ಲಿ ಒಂದನ್ನೊಂದು ಕೂಡಿಕೊಂಡಿಲ್ಲ.

ನಿರ್ವಹಣೆಯ ಪುಟವನ್ನು ಹೇಗೆ ಬರೆಯಬೇಕೆಂಬುದನ್ನು ಈ ವಾರ ವಿವರಿಸಬೇಕೆಂದಿದ್ದರೂ, ಪುಟದ ಅಂದಕ್ಕಿಂತ ಅದರ ಮೇಲಿನ ಸಾಲೇ ಮುಖ್ಯವಾದುದರಿಂದ ಮಾತು ಆ ಕಡೆಗೇ ಹೊರಳುತ್ತದೆ. ಮೊದಲು ನೋಡಬೇಕಾದದ್ದು 503 ಎಂದು ಹೇಳುತ್ತಿರುವವರು ಯಾರು ಎಂಬುದನ್ನು. ಓದುಗರ ಬ್ರೌಸರ್‌ಗೂ ಅಸಲು ತಂತ್ರಾಂಶಕ್ಕೂ ನಡುವೆ ಸಾಮಾನ್ಯವಾಗಿ ಒಂದು ಪ್ರಾಕ್ಸಿ, ಎಂದರೆ ಬಾಗಿಲಲ್ಲಿ ನಿಂತು ಕೋರಿಕೆಗಳನ್ನು ಒಳಗೆ ದಾಟಿಸುವ ಸರ್ವರ್ ಇರುತ್ತದೆ. ಡಿಪ್ಲಾಯ್‌ಮೆಂಟ್ ವೇಳೆ ಒಳಗಿನ ತಂತ್ರಾಂಶವನ್ನು ನಿಲ್ಲಿಸಿ ಹೊಸದು ಏಳುವವರೆಗೆ ನಲವತ್ತು ಸೆಕೆಂಡು ಹಿಡಿಯಿತೆಂದುಕೊಂಡರೆ, ಆ ಅವಧಿಯಲ್ಲಿ ಬಾಗಿಲಲ್ಲಿರುವುದು ಎಂಜಿನ್‌ಎಕ್ಸ್ ಆಗಿದ್ದರೆ ಒಳಗಿನ ಸಂಪರ್ಕ ನಿರಾಕರಣೆಯನ್ನು 502 ಎಂದು ವರದಿ ಮಾಡುತ್ತದೆ, ಅಪಾಚೆಯಾಗಿದ್ದರೆ ಅದೇ ಸ್ಥಿತಿಯನ್ನು 503 ಎನ್ನುತ್ತದೆ, ಎಚ್‌ಎಪ್ರಾಕ್ಸಿ ತನ್ನ ಪಟ್ಟಿಯಲ್ಲಿರುವ ಸರ್ವರ್‌ಗಳಲ್ಲಿ ಒಂದೂ ಬದುಕಿಲ್ಲವೆಂದು ಕಂಡಾಗ ಈ ರೀತಿಯ ಪುಟವನ್ನು ಕೊಡುತ್ತದೆ:

```
503 Service Unavailable
No server is available to handle this request.
```

ಈ 503ರಲ್ಲಿ `Retry-After` ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ, ಏಕೆಂದರೆ ಒಳಗಿನವರನ್ನು ಯಾರಾದರೂ ಬೇಕೆಂದೇ ನಿಲ್ಲಿಸಿದ್ದಾರೆಯೇ ಅಥವಾ ಅವರು ತಾವಾಗಿಯೇ ಕುಸಿದಿದ್ದಾರೆಯೇ ಎಂಬುದು ಬಾಗಿಲಲ್ಲಿ ನಿಂತಿರುವ ಪ್ರಾಕ್ಸಿಗೆ ತಿಳಿಯದು. ಹಾಗಾಗಿ ನಿರ್ವಹಣೆಯನ್ನೂ ನಿಜವಾದ ಕುಸಿತವನ್ನೂ ಬೇರ್ಪಡಿಸುವ ಗುರುತು 503 ಎಂಬ ಅಂಕಿಯಲ್ಲ; ಮರಳಿ ಬರುವ ವೇಳೆಯನ್ನು ಬಲ್ಲವರೊಬ್ಬರು ಆ ಅಂಕಿಯ ಜೊತೆಗೆ ಆ ವೇಳೆಯನ್ನು ಬರೆದಿಟ್ಟಿದ್ದಾರೆಯೇ ಎಂಬುದೇ ಗುರುತು. ಊಟಕ್ಕೆ ಹೋದ ಅಂಗಡಿಯವರು ಮೂರು ಗಂಟೆಗೆ ಬರುವುದಾಗಿ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರೆ ಗಿರಾಕಿ ಮೂರಕ್ಕೆ ಬರುತ್ತಾರೆ. ಬರೀ ಬೀಗ ಕಂಡವರಿಗೆ ಅಕ್ಕಪಕ್ಕದವರನ್ನು ಕೇಳುವ ದಾರಿಯೊಂದೇ ಉಳಿಯುತ್ತದೆ.

ಇಲ್ಲಿ ಒಂದು ಹಳೆಯ ತಕರಾರನ್ನು ಇತ್ಯರ್ಥಪಡಿಸಬೇಕಿದೆ. ನಿರ್ವಹಣೆಯ ಪುಟವನ್ನು 200 ಎಂಬ ಯಶಸ್ಸಿನ ಸಂಕೇತದೊಂದಿಗೆ ಕಳುಹಿಸುವ ಒಂದು ಪಂಥ ಬಹುಕಾಲದಿಂದ ನಡೆದುಬಂದಿದೆ. ಎಂಜಿನ್‌ಎಕ್ಸ್‌ನಲ್ಲಿ `error_page 503 =200 /maintenance.html;` ಎಂದು ಬರೆದರೆ ಕೆಲಸ ಮುಗಿಯಿತು, ರಾತ್ರಿ ಪಾಳಿಯವರ ಫೋನಿಗೆ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ ಎಂಬುದು ಅವರ ವಾದ. ಈ ವಾದ ತಪ್ಪು ಮಾತ್ರವಲ್ಲ, ಹಾನಿಕರವೂ ಹೌದು. ಹುಡುಕುತಾಣದ ಕ್ರಾಲರ್, ಅಂದರೆ ಪುಟಗಳನ್ನು ಓದಿ ಪಟ್ಟಿ ಮಾಡುವ ಯಂತ್ರ, ಆ ಕ್ಷಮಾಪಣೆಯ ಪುಟವನ್ನೇ ಅಸಲು ವಿಷಯವೆಂದು ಭಾವಿಸಿ ದಾಖಲಿಸಿಕೊಳ್ಳುತ್ತದೆ. ನಡುವಿನ ಕ್ಯಾಶ್ ಅದನ್ನು ಯಶಸ್ವಿ ಉತ್ತರವೆಂದು ಸಂಗ್ರಹಿಸಿ, ಸೈಟು ಮರಳಿದ ನಂತರವೂ ಹಂಚುತ್ತದೆ. ದತ್ತಾಂಶವನ್ನು ನಿರೀಕ್ಷಿಸಿದ ಮೊಬೈಲ್ ಆ್ಯಪ್‌ಗೆ ಎಚ್‌ಟಿಎಂಎಲ್ ಪುಟ ಬಂದು, ಅದನ್ನು ಬಿಡಿಸಲಾರದೆ ಬೇರೆಯೇ ದೋಷವನ್ನು ತೋರಿಸುತ್ತದೆ. ನಿರ್ವಹಣೆಯ ನಡುವೆ ನಿಜವಾಗಿಯೂ ಏನಾದರೂ ಕೆಟ್ಟರೆ, ಅದನ್ನು ಹೇಳಬೇಕಾದ ಗಂಟೆಯ ನಾಲಿಗೆಯನ್ನು ಮೊದಲೇ ಕಿತ್ತಿಡಲಾಗಿರುತ್ತದೆ.

ಸರಿಯಾದ ದಾರಿ ಹಿಡಿದವರೂ ಎಂಜಿನ್‌ಎಕ್ಸ್‌ನಲ್ಲಿ ಒಂದು ಕಡೆ ಎಡವುತ್ತಾರೆ. ಅದರ `add_header` ಎಂಬ ನಿರ್ದೇಶನ ಸಾಮಾನ್ಯವಾಗಿ ಯಶಸ್ಸಿನ ಮತ್ತು ಮರುನಿರ್ದೇಶನದ ಉತ್ತರಗಳಿಗೆ ಮಾತ್ರ ಹೆಡರ್ ಸೇರಿಸುತ್ತದೆ, 503ಕ್ಕೆ ಸೇರಿಸುವುದಿಲ್ಲ. ಕೊನೆಯಲ್ಲಿ `always` ಎಂದು ಬರೆದಾಗ ಮಾತ್ರ ಎಲ್ಲ ಉತ್ತರಗಳಿಗೂ ಅನ್ವಯವಾಗುತ್ತದೆ.

```
add_header Retry-After 300 always;
return 503;
```

ಆ ಒಂದು ಪದ ಬಿಟ್ಟುಹೋದರೆ ಸಂರಚನಾ ಕಡತದಲ್ಲಿ ಗಡುವು ಇರುತ್ತದೆ, ಹೊರಗೆ ಹೋಗುವ ಉತ್ತರದಲ್ಲಿ ಇರುವುದಿಲ್ಲ. `curl -sI` ಆದೇಶದಿಂದ ಹೆಡರ್‌ಗಳನ್ನು ತರಿಸಿ ಕಣ್ಣಾರೆ ನೋಡದ ಹೊರತು ಈ ತಪ್ಪು ಪತ್ತೆಯಾಗದು.

ಬ್ರೌಸರ್‌ಗಳು `Retry-After` ನೋಡಿ ತಾವಾಗಿ ಮರಳಿ ಪ್ರಯತ್ನಿಸುವುದಿಲ್ಲ, ಆದ್ದರಿಂದ ಅದನ್ನು ಕಳುಹಿಸಿ ಫಲವೇನು ಎಂಬ ಆಕ್ಷೇಪವೂ ಇದೆ. ಬ್ರೌಸರ್‌ಗಳ ಮಟ್ಟಿಗೆ ಅದು ನಿಜ; ಆದರೆ ಸರ್ವರ್‌ನೊಡನೆ ಮಾತನಾಡುವವರು ಬ್ರೌಸರ್‌ಗಳಷ್ಟೇ ಅಲ್ಲ. ಪೈಥಾನ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ `urllib3` ಎಂಬ ಗ್ರಂಥಾಲಯದ ಮರುಪ್ರಯತ್ನದ ನಿಯಮ, ಬೇರೇನೂ ಹೊಂದಿಸದೆ ಬಿಟ್ಟಾಗ, ಬರಿಯ 503 ಬಂದರೆ ಮರಳಿ ಪ್ರಯತ್ನಿಸುವುದಿಲ್ಲ. ಅದೇ 503ರ ಜೊತೆ `Retry-After` ಇದ್ದು, ಕೋರಿಕೆಯು ಎರಡು ಸಲ ಹೋದರೂ ತೊಂದರೆಯಿಲ್ಲದ `GET` ತರಹದ್ದಾಗಿದ್ದರೆ, ಹೇಳಿದಷ್ಟು ಹೊತ್ತು ಕಾದು ಮತ್ತೆ ಕೇಳುತ್ತದೆ. ಒಂದು ಸಾಲಿನ ಇರುವಿಕೆಯಿಂದಲೇ ಸೋಲಬಹುದಾಗಿದ್ದ ಕೆಲಸ ತಡವಾಗಿಯಾದರೂ ಕೈಗೂಡುತ್ತದೆ.

ಗಡುವನ್ನು ಬರೆಯಲು ಎರಡು ರೂಪಗಳಿವೆ: ಉತ್ತರ ತಲುಪಿದ ಮೇಲೆ ಕಾಯಬೇಕಾದ ಸೆಕೆಂಡುಗಳ ಸಂಖ್ಯೆ, ಇಲ್ಲವೇ ಪೂರ್ಣ ದಿನಾಂಕ ಮತ್ತು ವೇಳೆ. ದಿನಾಂಕದ ರೂಪ ಹೆಚ್ಚು ಖಚಿತವಾಗಿ ಕಂಡರೂ ಸೆಕೆಂಡುಗಳ ರೂಪವೇ ಮೇಲು. ದಿನಾಂಕ ಯಾವಾಗಲೂ ಗ್ರೀನಿಚ್ ಕಾಲಮಾನದಲ್ಲಿರಬೇಕು. 2025ರ ಜೂನ್ 15ರ ಭಾನುವಾರ ಬೆಳಗಿನ ಜಾವ ಎರಡಕ್ಕೆ, ಬೆಂಗಳೂರಿನ ವೇಳೆಯಂತೆ, ಕೆಲಸ ಮುಗಿಯುವುದಿದ್ದರೆ ಬರೆಯಬೇಕಾದದ್ದು `Sat, 14 Jun 2025 20:30:00 GMT` ಎಂದು. ಐದೂವರೆ ಗಂಟೆಯನ್ನು ಕಳೆಯಲು ಮರೆತು ಭಾನುವಾರದ `02:00:00 GMT` ಎಂದು ಬರೆದರೆ ನಿಯಮ ಪಾಲಿಸುವ ಯಂತ್ರಗಳು ಬೆಳಿಗ್ಗೆ ಏಳೂವರೆಯವರೆಗೆ ಸುಮ್ಮನೆ ಕೂರುತ್ತವೆ. ಅದಕ್ಕಿಂತ ಸೂಕ್ಷ್ಮವಾದ ತೊಂದರೆಯೆಂದರೆ, ಒಂದೇ ವೇಳೆಯನ್ನು ಎಲ್ಲರಿಗೂ ಕೊಟ್ಟಾಗ ಎಲ್ಲರೂ ಒಂದೇ ಕ್ಷಣದಲ್ಲಿ ಮರಳುತ್ತಾರೆ, ಆಗಷ್ಟೇ ಎದ್ದ ಸರ್ವರ್ ಆ ನೂಕುನುಗ್ಗಲಿಗೆ ಮತ್ತೆ ಮಲಗುತ್ತದೆ. ಸ್ಥಿರವಾದ 300 ಸೆಕೆಂಡುಗಳನ್ನು ಕೊಟ್ಟರೆ, ಬೇರೆ ಬೇರೆ ಹೊತ್ತಿಗೆ ಬಂದವರು ಅಷ್ಟೇ ಅಂತರದಲ್ಲಿ ಮರಳುತ್ತಾರೆ.

ಇಷ್ಟಾದರೂ ಗಡುವು ಬರೆದವರೇ ಅದನ್ನು ಮೀರಿದರೆ ಏನಾಗಬೇಕೆಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದಕ್ಕೆ ವರ್ಡ್‌ಪ್ರೆಸ್ ಕೊಟ್ಟಿರುವ ಉತ್ತರ ಸವಿಸ್ತಾರವಾಗಿ ನೋಡಲು ಅರ್ಹವಾಗಿದೆ. ವರ್ಡ್‌ಪ್ರೆಸ್ ತನ್ನನ್ನು ತಾನು ನವೀಕರಿಸಿಕೊಳ್ಳುವ ಮುನ್ನ ಮೂಲ ಕಡತಕೋಶದಲ್ಲಿ `.maintenance` ಎಂಬ ಪುಟ್ಟ ಕಡತವನ್ನು ಇಡುತ್ತದೆ. ಅದರಲ್ಲಿರುವುದು ಇಷ್ಟೇ:

```
<?php $upgrading = 1749924600; ?>
```

ಈ ಸಂಖ್ಯೆ 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳು. ಬೆಂಗಳೂರಿನ ವೇಳೆಯಲ್ಲಿ 2025ರ ಜೂನ್ 14ರ ರಾತ್ರಿ 11.40. ಈ ಕಡತ ಇರುವವರೆಗೆ ಸೈಟು 503, ಅದರ ಜೊತೆ `Retry-After: 600` ಮತ್ತು ಒಂದು ನಿಮಿಷ ಬಿಟ್ಟು ಬರುವಂತೆ ಕೋರುವ ಸಾಲನ್ನು ಕೊಡುತ್ತದೆ: ಮನುಷ್ಯರಿಗೆ ಒಂದು ನಿಮಿಷ, ಯಂತ್ರಗಳಿಗೆ ಹತ್ತು. ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಲಾಗುತ್ತದೆ. ಪಿಎಚ್‌ಪಿ ಪ್ರಕ್ರಿಯೆ ನಡುವೆಯೇ ಸತ್ತರೆ, ಡಿಸ್ಕ್ ತುಂಬಿದ್ದರಿಂದಲೋ ಸಮಯದ ಮಿತಿ ಮುಗಿದಿದ್ದರಿಂದಲೋ, ಅಳಿಸುವವರೇ ಇರುವುದಿಲ್ಲ. ಆಗಲೂ ಸೈಟು ಎಂದೆಂದಿಗೂ ಮುಚ್ಚಿಕೊಂಡಿರದಂತೆ, ಕಡತದಲ್ಲಿರುವ ವೇಳೆಗೆ ಹತ್ತು ನಿಮಿಷ ತುಂಬಿತೆಂದರೆ ವರ್ಡ್‌ಪ್ರೆಸ್ ಆ ಕಡತವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. 11.50ಕ್ಕೆ ಫಲಕ ತಾನಾಗಿ ಬಿದ್ದುಹೋಗುತ್ತದೆ.

ರೋಗನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ನೆರವು ಅಪರೂಪ. 11.50ರ ನಂತರ ಸೈಟು 500 ಎಂದರೆ ಅರೆಬರೆ ನಕಲಾದ ಕಡತಗಳು ಓಡುತ್ತಿವೆ, ನಿರ್ವಹಣೆ ಕುಸಿತವಾಗಿ ಮಾರ್ಪಟ್ಟಿದೆ ಎಂದರ್ಥ. ಅದೇ ನಿರ್ವಹಣೆಯ ಸಂದೇಶ ಹನ್ನೆರಡರವರೆಗೂ ಉಳಿದಿದ್ದರೆ ಅದು ಆ ಕಡತದ ಮಾತಾಗಿರಲು ಸಾಧ್ಯವಿಲ್ಲ: ಒಂದರ ಹಿಂದೊಂದು ನವೀಕರಣ ನಡೆದು ಕಡತ ಹೊಸ ವೇಳೆಯೊಂದಿಗೆ ಮತ್ತೆ ಬರೆಯಲ್ಪಟ್ಟಿರಬೇಕು, ಇಲ್ಲವೇ ನಡುವಿನ ಕ್ಯಾಶ್ ಹಳೆಯ ಉತ್ತರವನ್ನೇ ಒಪ್ಪಿಸುತ್ತಿರಬೇಕು. ಕಡತವನ್ನು ತೆರೆದು ಸಂಖ್ಯೆ ನೋಡಿದರೆ ಮೊದಲನೆಯದು ತಿಳಿಯುತ್ತದೆ. ಉತ್ತರದಲ್ಲಿ `Age` ಹೆಡರ್ ಇದ್ದು ಅದರ ಬೆಲೆ ಏರುತ್ತಿದ್ದರೆ ಎರಡನೆಯದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. `wp-content` ಒಳಗೆ `maintenance.php` ಎಂಬ ಸ್ವಂತ ಪುಟವನ್ನು ಇಟ್ಟವರಿಗೆ ವರ್ಡ್‌ಪ್ರೆಸ್ ಇಡೀ ಜವಾಬ್ದಾರಿಯನ್ನು ಬಿಟ್ಟುಕೊಡುತ್ತದೆ. 503 ಮತ್ತು `Retry-After` ಎರಡನ್ನೂ ಆ ಪುಟವೇ ಕಳುಹಿಸದಿದ್ದರೆ, ಚಂದದ ಪುಟ ಬರೆದವರು ತಮಗೆ ಅರಿವಿಲ್ಲದೆಯೇ 200ರ ಪಂಥಕ್ಕೆ ಸೇರಿರುತ್ತಾರೆ.

ಹೊರಗಿನಿಂದ ಕಾವಲು ಕಾಯುವ ಮಾನಿಟರ್‌ಗೆ, ಎಂದರೆ ನಿಮಿಷಕ್ಕೊಮ್ಮೆ ಸೈಟನ್ನು ಮುಟ್ಟಿ ನೋಡುವ ವ್ಯವಸ್ಥೆಗೆ, ಈ ಕಡತ ಕಾಣುವುದಿಲ್ಲ. ಅದಕ್ಕೆ ಕಾಣುವುದು 600 ಎಂಬ ಸಂಖ್ಯೆ ಮಾತ್ರ, ಅದೂ ಪ್ರತಿ ಸಲ ಅಷ್ಟೇ. 11.41ಕ್ಕೆ ಮೊದಲ ಬಾರಿ ನೋಡಿದಾಗ ಗಡುವು 11.51 ಆಗುತ್ತದೆ, 11.46ಕ್ಕೆ ನೋಡಿದಾಗ 11.56 ಆಗುತ್ತದೆ, ಹೀಗೆ ಪ್ರತಿ ಉತ್ತರಕ್ಕೂ ಹೊಸದಾಗಿ ಎಣಿಸುವ ಮಾನಿಟರ್‌ಗೆ ಗಡುವು ಎಂದೂ ಮುಗಿಯುವುದಿಲ್ಲ, ಗಂಟೆಯೂ ಬಾರಿಸುವುದಿಲ್ಲ. ಆದ್ದರಿಂದ ಮೊದಲ ಸಲ ಕಂಡ 503ರ ವೇಳೆಯನ್ನು ನೆನಪಿಟ್ಟು, ಅದಕ್ಕೆ ಅಂದು ಕೊಟ್ಟ 600 ಸೆಕೆಂಡುಗಳನ್ನು ಮಾತ್ರ ಕೂಡಿಸಿ, ಅಲ್ಲಿಯವರೆಗೆ ನಿರ್ವಹಣೆ ಎಂದೂ 11.51ರ ನಂತರದ ಮೊದಲ 503ನ್ನೇ ಕುಸಿತವೆಂದೂ ಎಣಿಸುವಂತೆ ಮಾನಿಟರ್‌ಅನ್ನು ಹೊಂದಿಸಬೇಕು. `Retry-After` ಇಲ್ಲದ 503 ಬಂದರೆ ಆ ಹತ್ತು ನಿಮಿಷಗಳ ವಿನಾಯಿತಿಯೂ ಇಲ್ಲದೆ ಕೂಡಲೇ ಪಾಳಿಯವರನ್ನು ಎಬ್ಬಿಸಬೇಕು.