ಸುರುಳಿಯ ತುದಿ ನೋಡಿ

ಆನ್‌ಲೈನ್‌ನಲ್ಲಿ ಯೋಗ ಮ್ಯಾಟ್ ಕೊಳ್ಳುವಾಗ ಹೆಚ್ಚಿನವರ ಕಣ್ಣು ಬಣ್ಣ, ಬೆಲೆಗಳ ಮೇಲಿರುತ್ತದೆ. ನಾನು ಮೊದಲು ನೋಡುವುದು ಸುತ್ತಿಟ್ಟ ಮ್ಯಾಟಿನ ಫೋಟೊವನ್ನು. ದಪ್ಪದ ಲೆಕ್ಕ ಅಲ್ಲಿಯೇ ಸಿಗುತ್ತದೆ.

ಸಾಮಾನ್ಯ ಮ್ಯಾಟ್ 173 ಸೆಂ.ಮೀ. ಉದ್ದ, 61 ಸೆಂ.ಮೀ. ಅಗಲ ಇರುತ್ತದೆ. ಸುತ್ತಿದಾಗ ಆ ಅಗಲವೇ ಸುರುಳಿಯ ಉದ್ದವಾಗುತ್ತದೆ. 6 ಮಿ.ಮೀ. ಮ್ಯಾಟನ್ನು ಬಿಗಿಯಾಗಿ ಸುತ್ತಿದರೆ ತುದಿಯ ವೃತ್ತದ ಅಡ್ಡಳತೆ ಹನ್ನೊಂದೂವರೆ ಸೆಂ.ಮೀ. ಆಸುಪಾಸು, ಅಂದರೆ ಸುರುಳಿಯ ಉದ್ದದ ಐದನೇ ಒಂದು ಭಾಗಕ್ಕೂ ತುಸು ಕಡಿಮೆ. 10 ಮಿ.ಮೀ. ಆದರೆ ಅದು ಹದಿನೈದು ಸೆಂ.ಮೀ. ಹತ್ತಿರ ಹೋಗುತ್ತದೆ, ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ.

ವಿವರಣೆಯಲ್ಲಿ 6 ಮಿ.ಮೀ. ಎಂದಿದೆ ಅಂದುಕೊಳ್ಳಿ. ಪರದೆಯ ಮೇಲೆ ಸ್ಕೇಲ್ ಇಟ್ಟರೆ ಸುರುಳಿ 8 ಸೆಂ.ಮೀ., ಅದರ ತುದಿ 2 ಸೆಂ.ಮೀ. ಬಂತು. ಇದು ನಾಲ್ಕನೇ ಒಂದು ಭಾಗವಾಯಿತು. ಈಗ ತುದಿ ಎದುರಿಗೆ ಕಾಣುವ ಇನ್ನೊಂದು ಚಿತ್ರದಲ್ಲಿ ಸುತ್ತುಗಳನ್ನು ದೊಡ್ಡದು ಮಾಡಿ ನೋಡಬೇಕು. ನಡುವೆ ಪೊಳ್ಳಿದ್ದರೆ ಸಡಿಲವಾಗಿ ಸುತ್ತಿದ್ದಾರೆ, ಅಷ್ಟೇ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ದಪ್ಪದ ಮ್ಯಾಟಿನ ಫೋಟೊ. ನಿಮಗೆ ಬರುವುದು ಬೇರೆಯದು. ಮ್ಯಾಟನ್ನು ನೇರ ಪಕ್ಕದಿಂದ ತೆಗೆದ ಚಿತ್ರಕ್ಕೆ ಮಾತ್ರ ಈ ಲೆಕ್ಕ ನಂಬಿಕಸ್ತ. ಓರೆಯಿಂದ ತೆಗೆದರೆ ಹತ್ತಿರದ ತುದಿ ಉಬ್ಬಿ ಕಾಣುತ್ತದೆ. ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದರೆ, 10 ಮಿ.ಮೀ. ಮೆತ್ತನೆಯ ಮ್ಯಾಟ್ ಮಂಡಿಗೆ ಹಿತ, ಆದರೆ ವೃಕ್ಷಾಸನದಲ್ಲಿ ಒಂಟಿಗಾಲಲ್ಲಿ ನಿಂತರೆ ಪಾದ ಹುಗಿದು ಹಿಮ್ಮಡಿ ಓಲಾಡುತ್ತದೆ.

ಬಿಚ್ಚಿ ಹಾಸಿದ ಚಿತ್ರದಲ್ಲಿ ನೆಲವೇ ಅಳತೆಗೋಲು. ಕೋಣೆಯಲ್ಲಿ ಎರಡಡಿ ಟೈಲ್ಸ್ ಇದ್ದರೆ ಮ್ಯಾಟಿನ ಅಗಲ ಒಂದು ಟೈಲ್‌ಗೆ ಸರಿಹೋಗಬೇಕು, ಉದ್ದ ಮೂರು ಟೈಲ್‌ಗೆ ನಾಲ್ಕು ಬೆರಳಷ್ಟು ಕಡಿಮೆ ಬೀಳಬೇಕು. ಹಾಗೆ ಹೊಂದದಿದ್ದರೆ ಮ್ಯಾಟನ್ನು ಆ ಕೋಣೆಗೆ ಕಂಪ್ಯೂಟರಿನಲ್ಲಿ ಅಂಟಿಸಿರುವ ಸಾಧ್ಯತೆಯೇ ಹೆಚ್ಚು. ಅಂಥ ಚಿತ್ರದ ನೆರಳನ್ನೂ ಮೇಲ್ಮೈಯನ್ನೂ ನಾನು ನಂಬುವುದಿಲ್ಲ.

ಮೇಲ್ಮೈ ನೋಡಲು ಪಕ್ಕದ ಕಿಟಕಿಯಿಂದ ಬಿದ್ದ ಬೆಳಕು ಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಗೀರುಗಳೆಲ್ಲ ಚಪ್ಪಟೆಯಾಗುತ್ತವೆ. ಓರೆ ಬೆಳಕಿನಲ್ಲಿ ಪ್ರತಿ ಏಣಿನ ಬದಿಗೂ ನೆರಳು ಕೂರುತ್ತದೆ. ಆ ನೆರಳು ಇಲ್ಲವೆಂದರೆ ವಿನ್ಯಾಸ ಬರೀ ಅಚ್ಚು ಇರಬಹುದು, ಕೈಗೆ ತಗಲುವುದಿಲ್ಲ. ಒಂದು ಮೂಲೆ ಮಗುಚಿ ತಳವನ್ನು ತೋರಿಸಿದ್ದಾರೆಯೇ ಎಂದೂ ನೋಡಿ. ಬಹಳ ಮ್ಯಾಟ್‌ಗಳಲ್ಲಿ ಮೇಲಿನ ವಿನ್ಯಾಸವೇ ಬೇರೆ, ತಳದ್ದೇ ಬೇರೆ. ನುಣುಪು ಟೈಲ್ಸ್ ಮೇಲೆ ಅಧೋಮುಖ ಶ್ವಾನಾಸನದಲ್ಲಿ ಅಂಗೈ ಮುಂದಕ್ಕೆ ಒತ್ತುವಾಗ ಮ್ಯಾಟ್ ಜರುಗದಂತೆ ಹಿಡಿಯುವುದು ಆ ತಳ.

ಬೆವರಿದ ಅಂಗೈಗೆ ಹಿಡಿತ ಸಿಗುತ್ತದೆಯೇ ಎಂಬುದನ್ನು ಮಾತ್ರ ಯಾವ ಫೋಟೊವೂ ತೋರಿಸದು. ಅದಕ್ಕೆ ವಸ್ತು ಯಾವುದೆಂದು ಓದಬೇಕು. ರಂಧ್ರ ಮುಚ್ಚಿದ ಫೋಮ್ ಬೆವರು ಹೀರುವುದಿಲ್ಲ, ತೊಳೆಯಲು ಸುಲಭ, ಒದ್ದೆಯಾದರೆ ಜಾರುತ್ತದೆ. ರಂಧ್ರ ತೆರೆದ ರಬ್ಬರ್ ಬೆವರು ಹೀರಿ ಹಿಡಿತ ಉಳಿಸಿಕೊಳ್ಳುತ್ತದೆ, ಆದರೆ ಒಣಗಲು ಹೊತ್ತು ಬೇಕು. ಅದನ್ನು ಬಿಸಿಲಿಗೆ ಹಾಕಬೇಡಿ, ಬೇಗ ಬಿರುಕು ಬಿಡುತ್ತದೆ.