ಗುರುವಿನ ಬೆನ್ನ ಹಿಂದಿನ ತಿರುವು

1979ರ ಜುಲೈ 9ರಂದು ವಾಯೇಜರ್-2 ಗುರುಗ್ರಹದ ಮೋಡಗಳಿಂದ ಸುಮಾರು 5.7 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಸೂರ್ಯನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ ಬಂದ ನೌಕೆ, ಹೊರಡುವಾಗ ಸರಿಸುಮಾರು ಅದರ ಎರಡು ಪಟ್ಟು ವೇಗದಲ್ಲಿತ್ತು. ಈ ಗಳಿಕೆಗೆ ಇಂಧನ ಸುಡಬೇಕಾಗಲಿಲ್ಲ.

ಈ ಕುಶಲತೆಯ ಸೊಬಗು ಇರುವುದು ಇಲ್ಲಿ: ಗುರುವಿನ ಮೇಲೆ ನಿಂತು ನೋಡಿದರೆ ನೌಕೆ ಗಳಿಸಿದ್ದು ಏನೂ ಇಲ್ಲ. ಒಳಗೆ ಬೀಳುವಾಗ ಏರಿದ ವೇಗ ಹೊರಗೆ ಏರುವಾಗ ಅಷ್ಟೇ ಇಳಿಯುತ್ತದೆ. ಬದಲಾಗುವುದು ದಿಕ್ಕು ಮಾತ್ರ. ಆದರೆ ಗುರು ತಾನೇ ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ನೌಕೆ ಅದರ ಬೆನ್ನ ಹಿಂದಿನಿಂದ ಹಾದು, ಅದು ಓಡುವ ಕಡೆಗೇ ತಿರುಗಿದಾಗ ಗ್ರಹದ ಓಟವೂ ಅದಕ್ಕೆ ಕೂಡಿಕೊಳ್ಳುತ್ತದೆ.

ಮುಂಭಾಗದಿಂದ ಹಾದಿದ್ದರೆ ವೇಗ ಕುಗ್ಗುತ್ತಿತ್ತು. ಅದಕ್ಕೇ ಗುರಿಯ ನಿಖರತೆಯೇ ಇಲ್ಲಿ ಎಲ್ಲ. ದಾರಿಯುದ್ದಕ್ಕೂ ಪುಟ್ಟ ಥ್ರಸ್ಟರ್‌ಗಳಿಂದ ಪಥವನ್ನು ತಿದ್ದುತ್ತಲೇ ಇರಬೇಕು.

ಯಾವುದೂ ಪುಕ್ಕಟೆಯಲ್ಲ. ನೌಕೆ ಪಡೆದಷ್ಟು ಚಲನಶಕ್ತಿಯನ್ನು ಗುರು ಕಳೆದುಕೊಂಡಿತು. ಅದರ ಅಗಾಧ ತೂಕದ ಮುಂದೆ ಆ ನಷ್ಟವನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ.