ನನಗೆ ಹಸಿವು, ಊರಿಗೆ ಬಿಸಿಲು

ಫ್ರೆಂಚ್ ಕಲಿಯುತ್ತಿರುವ ದೇವದುರ್ಗದ ಕಾಲೇಜು ಹುಡುಗಿಯೊಬ್ಬಳು ತನ್ನ ಪರಿಚಯ ಬರೆದು, ತಿದ್ದಿಕೊಡಿ ಎಂದು ಕಳಿಸಿದ್ದಾಳೆ. ನನಗೆ ಹತ್ತೊಂಬತ್ತು ವರ್ಷ, ನನಗೆ ಹಸಿವಾಗಿದೆ, ನನಗೆ ಸೆಕೆಯಾಗುತ್ತಿದೆ. ಈ ಮೂರಕ್ಕೂ ಆಕೆ 'ಝ ಸ್ವಿ' ಎಂದೇ ಶುರುಮಾಡಿದ್ದಾಳೆ. ಅದು ಇಂಗ್ಲಿಷಿನ 'ಐ ಆಮ್'. ಮೂರೂ ತಪ್ಪು.

ಆಕೆ ಇಂಗ್ಲಿಷಿನ ಹಾದಿ ಬಿಟ್ಟು ತನ್ನ ಮನೆಮಾತಿನಿಂದಲೇ ಹೊರಟಿದ್ದರೆ ಗುರಿ ಹತ್ತಿರವಿತ್ತು. ನಮ್ಮ ಕಡೆ 'ನನಗ ಹಸಿವಾಗ್ಯದ', 'ನನಗ ಅಂಜಿಕಿ ಬರ್ತದ' ಅನ್ನುತ್ತೇವೆ. ಹಸಿವು, ಚಳಿ, ಹೆದರಿಕೆ ನಮಗೆ ಆಗುವಂಥವು, ನಾವೇ ಅವಾಗುವುದಿಲ್ಲ. ಫ್ರೆಂಚರಿಗೂ ಅವು ಮನುಷ್ಯನ ಬಳಿ ಇರುವಂಥವು. ಅದಕ್ಕೆ ಅವರು ಬಳಸುವುದು 'ಅವ್ವಾರ್', ಅಂದರೆ ಹೊಂದಿರುವಿಕೆ. 'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎನ್ನಲೂ ಅದೇ ಕ್ರಿಯಾಪದ. ಹಸಿವಾದರೆ 'ಝೆ ಫ್ಯಾಂ', ಚಳಿಯಾದರೆ 'ಝೆ ಫ್ರ್ವಾ', ಹೆದರಿಕೆಯಾದರೆ 'ಝೆ ಪರ್'. ವಯಸ್ಸು ಹೇಳುವಾಗ 'ವರ್ಷ' ಎಂಬುದನ್ನು ಬಿಡುವಂತಿಲ್ಲ: 'ಝೆ ದಿಜ಼್‌ನವ್ ಆಂ'. ಬರಿ 'ಝೆ ದಿಜ಼್‌ನಫ್' ಎಂದರೆ ಹತ್ತೊಂಬತ್ತು ಏನೋ ನನ್ನ ಬಳಿ ಇವೆ ಎಂದಷ್ಟೇ. 'ನಫ್' ಎಂಬುದು 'ಆಂ' ಮುಂದೆ ಬಂದಾಗ 'ನವ್' ಆಗುವುದನ್ನು ಕಿವಿಗೊಟ್ಟು ಕೇಳಿ. ಕಲಿತವರ ಉಚ್ಚಾರಣೆ ಅಲ್ಲೇ ಗೊತ್ತಾಗುತ್ತದೆ.

ಆದರೆ ಕನ್ನಡದ 'ನನಗೆ' ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. 'ನನಗೆ ಸುಸ್ತಾಗಿದೆ' ಎನ್ನಲು 'ಝ ಸ್ವಿ ಫಾತಿಗೆ' ಎಂದೇ ಹೇಳಬೇಕು. 'ನನಗೆ ಖುಷಿಯಾಗಿದೆ' ಎಂಬುದಕ್ಕೂ 'ಸ್ವಿ'ಯೇ. ಇವನ್ನು ಒಂದೊಂದಾಗಿ ನೆನಪಿಡುವುದೇ ದಾರಿ.

ನಿಜವಾದ ತೊಡಕು ಸೆಕೆಯದು. ಮಾನ್ವಿಯ ಮೇ ತಿಂಗಳ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಹೊರಗೆ ಬಿಸಿಲು ಕಾದಿದೆ: 'ಇಲ್ ಫೆ ಶೋ'. ಇಲ್ಲಿ 'ಫೆ' ಬಂದದ್ದು 'ಫೇರ್' ಎಂಬ ಕ್ರಿಯಾಪದದಿಂದ, ಅದರ ಅರ್ಥ ಮಾಡು. ಯಾರು ಮಾಡುತ್ತಾರೆಂದು ಹುಡುಕಬೇಡಿ, 'ಇಲ್' ಬರಿ ಜಾಗ ತುಂಬುವ ಪದ. ಅದೇ ಬಿಸಿಲಿನಲ್ಲಿ ಅಮ್ಮನಿಗೆ ಸೆಕೆಯಾಗುತ್ತಿದೆ: 'ಎಲ್ ಆ ಶೋ'. ಒಲೆಯ ಮೇಲಿನ ಸಾರು ಬಿಸಿಯಾಗಿದೆ: 'ಲಾ ಸೂಪ್ ಎ ಶೋದ್'. 'ಸೂಪ್' ಸ್ತ್ರೀಲಿಂಗವಾದ್ದರಿಂದ ಕೊನೆಗೆ 'ದ್' ಕೇಳಿಸಿತು. ಅಮ್ಮ ಹೆಂಗಸಾದರೂ ಅವಳ 'ಶೋ' ಬದಲಾಗಲಿಲ್ಲ, ಏಕೆಂದರೆ 'ಅವ್ವಾರ್' ಜೊತೆಗೆ ಬಂದ ಪದ ಲಿಂಗಕ್ಕೆ ಬಗ್ಗುವುದಿಲ್ಲ. ಈ ಮೂರನ್ನು ಅದಲುಬದಲು ಮಾಡಿದರೆ ಅರ್ಥ ಕೆಡುತ್ತದೆ. 'ಝ ಸ್ವಿ ಶೋ' ಎಂಬ ಮಾತಿಗೆ ಆಡುಭಾಷೆಯಲ್ಲಿ ಕಾಮದ ಛಾಯೆಯೂ ಉಂಟು. 'ಝ ಸ್ವಿ ಫ್ರ್ವಾ' ಎಂದರೆ ಚಳಿಯ ಮಾತೇ ಅಲ್ಲ, ನಾನು ಆತ್ಮೀಯತೆ ಇಲ್ಲದವ ಎಂದಾಗುತ್ತದೆ.

ರಾಯಚೂರಿನಲ್ಲಿ ಪಾರಾ 40 ಮುಟ್ಟಿದ ದಿನ 'ಇಲ್ ಫೆ ಕರಾಂತ್ ದೆಗ್ರೆ' ಎನ್ನಿ, ಡಿಗ್ರಿಗೂ 'ಫೆ'ಯೇ. ಮಳೆ ಬಂದರೆ ಮಾತ್ರ ಈ ಪದ ಬಿಡಬೇಕು. ಮಳೆಗೆ ತನ್ನದೇ ಕ್ರಿಯಾಪದವಿದೆ: 'ಇಲ್ ಪ್ಲೋ'.